ಅಭಿಪ್ರಾಯ ಫಾರಂಗಳ ಒಟ್ಟು ಯಾಕೆ ಹೊಂದುವುದಿಲ್ಲ?

ಆಸ್ಪತ್ರೆಯ ಅಭಿಪ್ರಾಯ ಫಾರಂಗಳನ್ನು ಓದಿ ವಾರಕ್ಕೊಂದು ಪುಟದ ಟಿಪ್ಪಣಿ ಮಾಡಿಕೊಡುವುದು ನನ್ನ ಕೆಲಸ. ಟಿಪ್ಪಣಿ ಕೈ ಸೇರಿದ ಮೇಲೆ ಬರುವ ಮೊದಲ ಫೋನು ಹೆಚ್ಚುಕಡಿಮೆ ಯಾವಾಗಲೂ ಒಂದೇ: “ಮೇಡಂ, ಒಟ್ಟು ಹೊಂದ್ತಾ ಇಲ್ವಲ್ಲ?”

ಹೊಂದಬೇಕಾಗಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ವಾರದಲ್ಲಿ 140 ಫಾರಂ ಬಂದವು. ಫಾರಂನ ಕೊನೆಯಲ್ಲಿ ಅನಿಸಿದ್ದನ್ನು ಬರೆಯಲು ಬಿಟ್ಟ ಖಾಲಿ ಡಬ್ಬಿಯಲ್ಲಿ ಏನಾದರೂ ಬರೆದವರು 60 ಜನ. ಅದರಲ್ಲಿ 12 ಜನ “ಏನಿಲ್ಲ”, “ಓಕೆ”, ಇಲ್ಲವೇ ಸುಮ್ನೆ ಒಂದು ಚುಕ್ಕಿ ಇಟ್ಟಿದ್ದಾರೆ. ಉಳಿದದ್ದು 48 ಉತ್ತರ. ಕಾಯುವ ತೊಂದರೆ 21, ಮೆಚ್ಚುಗೆ 11, ಸಿಬ್ಬಂದಿ ಮಾತಾಡಿಸುವ ರೀತಿ 14, ಔಷಧಿ ಕೌಂಟರ್ 9, ಗಾಡಿ ನಿಲ್ಲಿಸುವ ಜಾಗ 7. ಕೂಡಿದರೆ 62, 48 ಅಲ್ಲ.

ಯಾಕೆ ಅಂದರೆ, ಜನ ಒಂದು ಉತ್ತರದಲ್ಲಿ ಒಂದೇ ವಿಷಯ ಬರೆಯುವುದಿಲ್ಲ. “ಡಾಕ್ಟ್ರು ಚೆನ್ನಾಗಿ ನೋಡಿದ್ರು, ಆದ್ರೆ ಚೀಟಿ ಮಾಡ್ಸೋಕೆ ಒಂದು ಗಂಟೆ ನಿಂತೆ” ಅಂತ ಒಬ್ಬರು ಬರೆದರೆ, ಅದು ಮೆಚ್ಚುಗೆಗೂ ಸೇರಬೇಕು, ಕಾಯುವ ತೊಂದರೆಗೂ ಸೇರಬೇಕು. ಅದೇ ಒಬ್ಬರು ಸಾಲಿನ ಬಗ್ಗೆ ಮೂರು ವಾಕ್ಯ ಬೈದಿದ್ದರೂ ಅದು ಒಂದೇ. ನಾವು ಎಣಿಸುತ್ತಿರುವುದು ಜನರನ್ನು, ವಾಕ್ಯಗಳನ್ನಲ್ಲ. ಹಾಗಾಗಿ ನನ್ನ ಶೀಟಿನಲ್ಲಿ ಒಂದು ಫಾರಂಗೆ ಒಂದು ಸಾಲು, ಒಂದು ವಿಷಯಕ್ಕೆ ಒಂದು ಕಾಲಂ. ವಿಷಯ ಇದ್ದರೆ 1, ಇಲ್ಲದಿದ್ದರೆ 0. ಕಾಲಂ ಕೂಡಿದರೆ ಆ ವಿಷಯ ಹೇಳಿದ ಜನ ಸಿಗುತ್ತಾರೆ. ಕಾಲಂಗಳನ್ನೆಲ್ಲ ಒಟ್ಟು ಸೇರಿಸಿದರೆ ಬರುವ 62ಕ್ಕೆ ಅರ್ಥವೇ ಇಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ಹಾನಿ ಮಾಡುತ್ತದೆ. ಮುಂದಿನ ವಾರ ಕಾಯುವ ತೊಂದರೆ 21ರಿಂದ 16ಕ್ಕೆ ಇಳಿಯಿತು ಅಂದುಕೊಳ್ಳಿ. ಮೀಟಿಂಗಿನಲ್ಲಿ ಎಲ್ಲರಿಗೂ ಖುಷಿ. ಆದರೆ ಆ ವಾರ ಉಪಯೋಗಕ್ಕೆ ಬರುವ ಉತ್ತರ ಬರೆದವರೇ 35 ಜನ. 48ರಲ್ಲಿ 21 ಅಂದರೆ ಶೇ. 44. 35ರಲ್ಲಿ 16 ಅಂದರೆ ಶೇ. 46. ಏನೂ ಇಳಿದಿಲ್ಲ. ಇಷ್ಟು ಚಿಕ್ಕ ಸಂಖ್ಯೆಯಲ್ಲಿ ಏರಿದೆ ಅಂತಲೂ ನಾನು ಹೇಳುವುದಿಲ್ಲ. ಹಾಗೆಯೇ “ಶೇ. 44 ರೋಗಿಗಳಿಗೆ ಕಾಯುವ ತೊಂದರೆ” ಅಂತ ಬರೆದರೂ ತಪ್ಪು. ತುಂಬ ಬೇಜಾರಾದವರು, ತುಂಬ ಖುಷಿಯಾದವರು ಪೆನ್ನು ಹಿಡಿಯುವುದು ಹೆಚ್ಚು. ಬರೆಯದೆ ಹೋದ 80 ಜನರ ಮನಸ್ಸಿನಲ್ಲಿ ಏನಿತ್ತು ಅಂತ ಈ ಡಬ್ಬಿ ಹೇಳುವುದಿಲ್ಲ. ಅದಕ್ಕೇ ನಾನು ಬರೆಯುವುದು ಹೀಗೆ: “140 ಫಾರಂ, ಉಪಯೋಗಕ್ಕೆ ಬರುವ ಉತ್ತರ ಬರೆದವರು 48, ಅವರಲ್ಲಿ 21 ಜನ ಕಾಯುವುದರ ಬಗ್ಗೆ ಬರೆದಿದ್ದಾರೆ.” ಉದ್ದವಾಯಿತು ಅಂತ ಮೊದಲ ಎರಡು ಸಂಖ್ಯೆಗಳನ್ನು ದಯವಿಟ್ಟು ಕತ್ತರಿಸಬೇಡಿ.

ಒಂದು ಆಸ್ಪತ್ರೆಯ ಕಚೇರಿಯಲ್ಲಿ ಒಬ್ಬ ಹುಡುಗ ಇದ್ದ, ಬಹಳ ಚುರುಕು. “ಓದೋದ್ಯಾಕೆ ಮೇಡಂ, ಹುಡುಕಿದ್ರೆ ಆಯ್ತಲ್ವಾ?” ಅಂದು ಶೀಟಿನಲ್ಲಿ ಇದನ್ನು ಹಾಕಿದ:

```
=COUNTIF(B:B,"*ಕಾಯ*")
```

B ಕಾಲಂನ ಉತ್ತರಗಳಲ್ಲಿ “ಕಾಯ” ಅನ್ನುವ ಅಕ್ಷರಗಳಿರುವವು ಎಷ್ಟು ಅಂತ ಸಂಖ್ಯೆ ಬಂತು. ಉತ್ತರಗಳನ್ನು ಇಬ್ಬರೂ ಕೂತು ಓದಿದೆವು. “ನನ್ನ ಕಾಯಿಲೆ ವಾಸಿಯಾಯಿತು” ಅನ್ನುವುದು ಸಿಕ್ಕಿಬಿದ್ದಿತ್ತು. “ಕಾಯಬೇಕಾಗಲಿಲ್ಲ, ಧನ್ಯವಾದ” ಅನ್ನುವುದು ದೂರಾಗಿ ಎಣಿಕೆಯಾಗಿತ್ತು. “ಎರಡು ಗಂಟೆ ಕಾದೆ” ತಪ್ಪಿಸಿಕೊಂಡಿತ್ತು. ವೇಟ್ ಮಾಡಿದ್ವಿ, ಲೇಟು, ಕ್ಯೂ ಅಂತ ಬರೆದವರೂ ಬಿಟ್ಟುಹೋಗಿದ್ದರು. ಪದ ಹುಡುಕುವುದು ಓದಿದ ಮೇಲೆ ಏನಾದರೂ ಕೈತಪ್ಪಿದೆಯಾ ಅಂತ ನೋಡಲು ಒಳ್ಳೆಯದು. ಎಣಿಕೆಗೆ ಅದನ್ನೇ ನೆಚ್ಚಿಕೊಳ್ಳಬಾರದು. ಆ ಹುಡುಗ ಈಗ ನನಗಿಂತ ನಿಧಾನವಾಗಿ ಓದುತ್ತಾನೆ, ನನಗೆ ಅವನ ಶೀಟಿನ ಮೇಲೆ ಪೂರ್ತಿ ನಂಬಿಕೆ.

ವಿಷಯಗಳ ಪಟ್ಟಿಯನ್ನು ವಾರವಾರ ಬದಲಿಸಬಾರದು, ಬದಲಿಸಿದರೆ ಒಂದು ವಾರವನ್ನು ಇನ್ನೊಂದಕ್ಕೆ ಹೋಲಿಸಲು ಆಗುವುದಿಲ್ಲ. ಕಾಯುವ ತೊಂದರೆಯನ್ನು ಚೀಟಿ ಸಾಲು, ಡಾಕ್ಟರ ಕೋಣೆಯ ಮುಂದಿನ ಸಾಲು ಅಂತ ಒಡೆಯಬೇಕು ಅನಿಸಿದರೆ ಒಡೆಯಿರಿ. ಆದರೆ ಹಳೆಯ ವಾರಗಳನ್ನೂ ಹೊಸ ಪಟ್ಟಿಯಲ್ಲೇ ಮತ್ತೆ ಗುರುತು ಹಾಕಿ. ಇಲ್ಲವಾದರೆ ಹೋಲಿಕೆಯನ್ನು ಆ ವಾರ ಬಿಟ್ಟುಬಿಡಿ.

ಎಣಿಕೆಯಲ್ಲಿ ತೂಕ ಕಾಣದ ಉತ್ತರವೂ ಇರುತ್ತದೆ. “ಬೇರೆಯವರ ಮಾತ್ರೆ ನನಗೆ ಕೊಟ್ಟರು” ಅಂತ ಒಬ್ಬರೇ ಬರೆದಿರಬಹುದು. ಪಟ್ಟಿಯಲ್ಲಿ ಅದು 1, ಎಲ್ಲಕ್ಕಿಂತ ಕೆಳಗೆ, “ಇತರೆ” ಒಳಗೆ. ಅಂಥದ್ದನ್ನು ನಾನು ವಾರದ ಟಿಪ್ಪಣಿಗೆ ಕಾಯಿಸುವುದಿಲ್ಲ. ಓದಿದ ದಿನವೇ ಫಾರಂ ನಂಬರಿನ ಜೊತೆ ಸಂಬಂಧಪಟ್ಟ ಡಾಕ್ಟರಿಗೆ ಕಳಿಸುತ್ತೇನೆ. ಟಿಪ್ಪಣಿಯ ಮೇಲ್ತುದಿಯಲ್ಲಿ, ಸಂಖ್ಯೆಗಳಿಗಿಂತ ಮೊದಲು, ಅವರು ಬರೆದ ಮಾತನ್ನೇ ಹಾಕುತ್ತೇನೆ.