ನಡುರಾತ್ರಿ ಗಂಟಲು ಮುಚ್ಚಿಕೊಂಡು ಉಸಿರೇ ಹೋಗದಿದ್ದರೆ ಏನು ಮಾಡಬೇಕು?

ಪ್ರಶ್ನೆ: ನನಗೆ 46 ವರ್ಷ. ಎರಡು ತಿಂಗಳಲ್ಲಿ ಮೂರು ಸಲ ಹೀಗಾಗಿದೆ. ಮಲಗಿ ಒಂದೆರಡು ಗಂಟೆ ಆಗಿರುತ್ತದೆ, ಇದ್ದಕ್ಕಿದ್ದಂತೆ ಎಚ್ಚರವಾಗುತ್ತದೆ. ಎಷ್ಟು ಎಳೆದರೂ ಉಸಿರು ಒಳಗೆ ಹೋಗುವುದೇ ಇಲ್ಲ. ಗಂಟಲಿನಿಂದ ‘ಕೀ...’ ಅಂತ ಸದ್ದು. ಅರ್ಧ ನಿಮಿಷದ ಮೇಲೆ ತಾನಾಗಿಯೇ ಬಿಡುತ್ತದೆ. ಆಮೇಲೆ ಬಾಯೆಲ್ಲ ಹುಳಿ, ಬೆಳಗಿನವರೆಗೂ ಧ್ವನಿ ಒಡೆದಿರುತ್ತದೆ. ಹೆಂಡತಿ ಗಾಬರಿಯಿಂದ ಬೆನ್ನಿಗೆ ಗುದ್ದುತ್ತಾಳೆ, ನೀರು ಕುಡಿಸಲು ನೋಡುತ್ತಾಳೆ. ಈಗ ಮಲಗಲಿಕ್ಕೇ ಭಯ. ಆ ಹೊತ್ತಿನಲ್ಲಿ ಏನು ಮಾಡಬೇಕು?

ಉತ್ತರ: ಮೊದಲು ಆ ಹೊತ್ತಿನ ಮಾತು. ಎದ್ದು ಕುಳಿತುಕೊಳ್ಳಿ. ಬಾಯಿ ಮುಚ್ಚಿ. ಮೂಗಿನಿಂದ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಉಸಿರು ಎಳೆದುಕೊಳ್ಳಿ. ಬಾಯಿ ತೆರೆದು ಜೋರಾಗಿ ಎಳೆಯಬೇಡಿ. ಇಷ್ಟು ನೆನಪಿದ್ದರೆ ಮುಕ್ಕಾಲು ಕೆಲಸ ಆದಂತೆ. ಯಾಕೆ ಅಂತ ಗೊತ್ತಾದರೆ ಅರೆನಿದ್ದೆಯಲ್ಲೂ ಇದನ್ನು ಮಾಡುವುದು ಸುಲಭ.

ಗಂಟಲಿನಲ್ಲಿ ಶ್ವಾಸನಾಳದ ಬಾಯಿಗೆ ಎರಡು ಬಾಗಿಲುಗಳಿವೆ. ಅವೇ ಧ್ವನಿತಂತುಗಳು. ಮಾತಾಡುವುದು ಅವುಗಳ ಒಂದು ಕೆಲಸ ಅಷ್ಟೆ. ಶ್ವಾಸಕೋಶಕ್ಕೆ ಗಾಳಿ ಬಿಟ್ಟು ಬೇರೇನೂ ಇಳಿಯದಂತೆ ಕಾಯುವುದು ಅದಕ್ಕಿಂತ ದೊಡ್ಡ ಕೆಲಸ. ಹೊಟ್ಟೆಯ ಆಸಿಡ್ ಅನ್ನನಾಳದಲ್ಲಿ ಮೇಲೇರಿ ಒಂದೆರಡು ಹನಿ ಅಲ್ಲಿಗೆ ತಾಕಿದರೂ ಸಾಕು, ಬಾಗಿಲು ಪಟ್ಟನೆ ಮುಚ್ಚಿಕೊಳ್ಳುತ್ತದೆ. ಇದನ್ನೇ ಡಾಕ್ಟರುಗಳು ಲ್ಯಾರಿಂಗೋಸ್ಪಾಸಮ್ ಅನ್ನುತ್ತಾರೆ. ಅಂದರೆ ನಿಮ್ಮ ಗಂಟಲು ನಿಮ್ಮನ್ನು ಕಾಪಾಡಲಿಕ್ಕೇ ಮುಚ್ಚುತ್ತಿದೆ. ತೊಂದರೆ ಏನೆಂದರೆ, ಹನಿ ಹೋದ ಮೇಲೂ ಸ್ವಲ್ಪ ಹೊತ್ತು ಬಿಗಿದೇ ಇರುತ್ತದೆ.

ರಾತ್ರಿಯೇ ಯಾಕೆ? ಹಗಲು ನಾವು ಗೊತ್ತಿಲ್ಲದೆಯೇ ಎಂಜಲು ನುಂಗುತ್ತಲೇ ಇರುತ್ತೇವೆ. ಮೇಲೆ ಬಂದ ಆಸಿಡ್ ಅದರ ಜೊತೆ ಕೆಳಗೆ ಇಳಿದುಹೋಗುತ್ತದೆ. ನಿದ್ದೆಯಲ್ಲಿ ಎಂಜಲು ಊರುವುದೂ ಕಡಿಮೆ, ನುಂಗುವುದೂ ಕಡಿಮೆ. ಮಲಗಿರುವುದರಿಂದ ಇಳಿಜಾರೂ ಇಲ್ಲ.

ಈಗ ಆ ‘ಕೀ’ ಸದ್ದಿನ ವಿಷಯ. ಬಾಗಿಲು ಪೂರ್ತಿ ಮುಚ್ಚಿದ್ದರೆ ಸದ್ದೇ ಬರುವುದಿಲ್ಲ. ಸದ್ದು ಬರುತ್ತಿದೆ ಅಂದರೆ ಸಣ್ಣ ಸಂದಿಯಲ್ಲಿ ಗಾಳಿ ಹೋಗುತ್ತಿದೆ ಎಂದರ್ಥ. ನೀವು ಜೋರಾಗಿ ಎಳೆದಷ್ಟೂ ಆ ಎಳೆತಕ್ಕೆ ತಂತುಗಳು ಇನ್ನಷ್ಟು ಹತ್ತಿರ ಬರುತ್ತವೆ. ಒದ್ದೆಯಾದ ಪೇಪರ್ ಸ್ಟ್ರಾ ನೆನಪಿಸಿಕೊಳ್ಳಿ. ಜೋರಾಗಿ ಹೀರಿದರೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ, ಮೆಲ್ಲಗೆ ಹೀರಿದರೆ ಬರುತ್ತದೆ. ಇಲ್ಲೂ ಹಾಗೇ. ಇನ್ನು ಮೂಗಿನಿಂದಲೇ ಯಾಕೆಂದರೆ, ಹೂವನ್ನು ಮೂಸುವ ಹಾಗೆ ಮೂಗಿನಲ್ಲಿ ಉಸಿರೆಳೆದಾಗ ಧ್ವನಿತಂತುಗಳು ತಾವಾಗಿಯೇ ಅಗಲವಾಗುತ್ತವೆ. ದೇಹದಲ್ಲಿ ಮೊದಲಿನಿಂದಲೇ ಇರುವ ಈ ಗುಣವನ್ನು ನಾವು ಬಳಸಿಕೊಳ್ಳುತ್ತೇವೆ ಅಷ್ಟೆ.

ಹಾಗಾಗಿ ಎದ್ದು ಕುಳಿತು, ಸ್ವಲ್ಪ ಮುಂದೆ ಬಾಗಿ, ಭುಜ ಸಡಿಲ ಬಿಡಿ. ಮೂಸಿದ ಹಾಗೆ ಒಂದು ಪುಟ್ಟ ಉಸಿರು. ಆಮೇಲೆ ದೀಪ ಆರಿಸುವಾಗ ಮಾಡುವಂತೆ ತುಟಿ ಕಿರಿದು ಮಾಡಿ, ‘ಫೂ’ ಎಂದು ನಿಧಾನವಾಗಿ ಹೊರಗೆ ಬಿಡಿ. ಮತ್ತೆ ಒಂದು ಪುಟ್ಟ ಉಸಿರು. ಮೊದಲ ಎರಡು ಮೂರು ಸಲ ಏನೂ ಒಳಗೆ ಹೋಗಲಿಲ್ಲ ಅನ್ನಿಸುತ್ತದೆ. ನಿಜಕ್ಕೂ ಭಯವಾಗುತ್ತದೆ. ಆದರೂ ಬಾಯಿ ತೆರೆಯಬೇಡಿ. ಐದಾರು ಉಸಿರು ಆಗುವಷ್ಟರಲ್ಲಿ ಸದ್ದು ದಪ್ಪವಾಗುತ್ತಾ ಬರುತ್ತದೆ. ಅದೇ ಬಾಗಿಲು ತೆರೆಯುತ್ತಿರುವ ಗುರುತು. ಮೂಗು ಕಟ್ಟಿದ್ದರೆ ಕಿರಿದು ಮಾಡಿದ ತುಟಿಯಿಂದಲೇ ಮೆಲ್ಲಗೆ ಎಳೆದುಕೊಳ್ಳಿ. ಇದನ್ನು ಹಗಲು ಹೊತ್ತಿನಲ್ಲಿ ಕುಳಿತು ಹತ್ತು ಸಲ ಅಭ್ಯಾಸ ಮಾಡಿ. ಗಾಬರಿಯಲ್ಲಿ ಹೊಸದನ್ನು ಕಲಿಯಲು ಆಗುವುದಿಲ್ಲ, ಅಲ್ವಾ?

ನಿಮ್ಮ ಹೆಂಡತಿಗೂ ಒಂದು ಮಾತು. ಬೆನ್ನಿಗೆ ಗುದ್ದುವುದು ಬೇಡ, ಇಲ್ಲಿ ಏನೂ ಸಿಕ್ಕಿಕೊಂಡಿಲ್ಲ. ನೀರಂತೂ ಬೇಡವೇ ಬೇಡ. ಮುಚ್ಚಿದ ಬಾಗಿಲ ಮೇಲೆ ನೀರು ಬಿದ್ದರೆ ಬಿಗಿತ ಜಾಸ್ತಿಯಾಗಬಹುದು. ಉಸಿರು ಸರಾಗವಾದ ಮೇಲೆ ಗುಟುಕು ಗುಟುಕಾಗಿ ಕುಡಿಸಲಿ, ಆಗ ಅದು ಹುಳಿಯನ್ನು ತೊಳೆಯುತ್ತದೆ. ಸದ್ಯ ಬೆನ್ನ ಮೇಲೆ ಕೈಯಿಟ್ಟು ‘ಮೂಗಿನಲ್ಲಿ, ಮೆಲ್ಲಗೆ’ ಅಂತ ಹೇಳುತ್ತಾ ಗಡಿಯಾರ ನೋಡುತ್ತಿದ್ದರೆ ಅದೇ ದೊಡ್ಡ ಸಹಾಯ. ಅರಿವಳಿಕೆ ಡಾಕ್ಟರುಗಳು ಬಳಸುವ ಇನ್ನೊಂದು ಉಪಾಯವಿದೆ. ಕಿವಿಯ ಹಾಲೆಯ ಹಿಂದೆ, ದವಡೆ ಮೂಳೆಗೂ ತಲೆಬುರುಡೆಯ ಉಬ್ಬಿಗೂ ನಡುವೆ ಒಂದು ತಗ್ಗು ಕೈಗೆ ಸಿಗುತ್ತದೆ. ಎರಡೂ ಕಡೆ ಅಲ್ಲಿ ಬೆರಳಿನಿಂದ ಒಳಕ್ಕೂ ಮೇಲಕ್ಕೂ ಗಟ್ಟಿಯಾಗಿ ಒತ್ತಿ, ದವಡೆಯನ್ನು ಮುಂದಕ್ಕೆ ತರುವುದು. ನೋವಾಗುತ್ತದೆ. ಎಚ್ಚರವಿರುವವರಿಗೆ ಇದು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಕಡಿಮೆ. ಅದಕ್ಕೇ ನಾನು ಇದನ್ನು ಎರಡನೆಯದಾಗಿ ಇಡುತ್ತೇನೆ, ಮೂಗಿನ ಉಸಿರೇ ಮೊದಲು.

ಸಾಮಾನ್ಯವಾಗಿ ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷದೊಳಗೆ ಇದು ಬಿಟ್ಟುಕೊಡುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಂತೆ ಆ ಬಿಗಿತವೇ ಸಡಿಲವಾಗುತ್ತದೆ. ಎರಡು ನಿಮಿಷ ಕಳೆದರೂ ಸಡಿಲವಾಗದಿದ್ದರೆ, ತುಟಿ ನೀಲಿಯಾದರೆ, ಪ್ರಜ್ಞೆ ತಪ್ಪಿದರೆ, ಎದೆ ನೋವಿದ್ದರೆ ತಕ್ಷಣ ಆಂಬುಲೆನ್ಸ್ ಕರೆಯಿರಿ. ತುಟಿ ನಾಲಿಗೆ ಊದಿಕೊಂಡು ಮೈಮೇಲೆ ದದ್ದು ಎದ್ದಿದ್ದರೆ ಅದು ಅಲರ್ಜಿ. ಅದಕ್ಕೆ ಈ ಯಾವ ಉಪಾಯವೂ ಸಾಲದು. ಬಿಗಿತ ಬಿಟ್ಟ ಮೇಲೂ ಏದುಸಿರು ನಿಲ್ಲದೆ ಗುಲಾಬಿ ಬಣ್ಣದ ನೊರೆ ಕಫ ಬಂದರೂ ಆಸ್ಪತ್ರೆಗೆ ಓಡಬೇಕು.

ನಿಮ್ಮದು ಇದೇ ಅಂತ ಹೇಗೆ ಹೇಳುತ್ತೇನೆ? ಉಸಿರು ಒಳಗೆ ಎಳೆಯುವಾಗ ಸದ್ದು, ಅರ್ಧ ನಿಮಿಷ, ಆಮೇಲೆ ಒಡೆದ ಧ್ವನಿ, ಬಾಯಲ್ಲಿ ಹುಳಿ. ಇವು ನಾಲ್ಕೂ ಒಂದೇ ಕಡೆ ಬೆರಳು ತೋರಿಸುತ್ತವೆ. ಉಬ್ಬಸದಲ್ಲಿ ಸಿಳ್ಳೆಯಂಥ ಸದ್ದು ಹೆಚ್ಚಾಗಿ ಉಸಿರು ಬಿಡುವಾಗ ಬರುತ್ತದೆ, ಅದು ಇಷ್ಟು ಬೇಗ ಬಿಡುವುದೂ ಇಲ್ಲ. ಹೃದಯದ ತೊಂದರೆಯಾದರೆ ಎದ್ದು ಕುಳಿತ ಮೇಲೂ ಸುಧಾರಿಸಲು ಬಹಳ ಹೊತ್ತು ಬೇಕು, ಕಾಲು ಊದಿರಲೂಬಹುದು. ಜೋರು ಗೊರಕೆ, ನಡುವೆ ಉಸಿರು ನಿಂತು ಮತ್ತೆ ಶುರುವಾಗುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ ಇರಬಹುದು. ಅದು ಆಸಿಡ್ ಜೊತೆಗೇ ಇರುವುದೂ ಉಂಟು, ಆದ್ದರಿಂದ ಹೆಂಡತಿಯನ್ನು ಕೇಳಿ ನೋಡಿ. ಎದೆಯುರಿ ಇಲ್ಲದವರಿಗೂ ಗಂಟಲು ಹೀಗೆ ಮುಚ್ಚಿಕೊಳ್ಳಬಹುದು ಎಂಬುದು ಗಮನದಲ್ಲಿರಲಿ.

ಇವತ್ತು ರಾತ್ರಿಯಿಂದಲೇ ಶುರು ಮಾಡಬಹುದಾದ್ದು ಮೂರು. ಊಟಕ್ಕೂ ಮಲಗುವುದಕ್ಕೂ 3 ಗಂಟೆ ಅಂತರ ಇರಲಿ. ಮಂಚದ ತಲೆಕಡೆಯ ಕಾಲುಗಳ ಕೆಳಗೆ ಗಟ್ಟಿ ದಿಮ್ಮಿ ಇಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ಸುಮ್ನೆ ದಿಂಬು ಪೇರಿಸಿದರೆ ಸೊಂಟದಲ್ಲಿ ಮಡಚಿಕೊಂಡು ಹೊಟ್ಟೆಯ ಮೇಲೆ ಒತ್ತಡ ಜಾಸ್ತಿಯಾಗುತ್ತದೆ. ಆಮೇಲೆ ಎಡಮಗ್ಗುಲಿಗೆ ಮಲಗಿ. ಆಗ ಹೊಟ್ಟೆಯ ಚೀಲ ಅನ್ನನಾಳದ ಬಾಯಿಗಿಂತ ಕೆಳಗಿರುತ್ತದೆ.

ಮೂರು ಸಲ ಆಗಿರುವುದರಿಂದ ಇಎನ್‌ಟಿ ಡಾಕ್ಟರನ್ನು ನೋಡಲೇಬೇಕು. ಅವರು ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ ಧ್ವನಿತಂತುಗಳನ್ನು ನೋಡುತ್ತಾರೆ. ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಕೊಟ್ಟರೆ ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಮಲಗುವಾಗ ನುಂಗಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಮಾತ್ರೆ ಹುಳಿಯನ್ನು ಕಡಿಮೆ ಮಾಡುತ್ತದೆಯೇ ಹೊರತು, ಮೇಲೇರುವುದನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಮಾತ್ರೆ ಶುರುವಾದ ಮೇಲೂ ದಿಮ್ಮಿ ತೆಗೆಯಬೇಡಿ.

ಮುಂದಿನ ಸಲ ಹೀಗಾದರೆ ಹೆಂಡತಿ ಮೊಬೈಲಿನಲ್ಲಿ ಆ ಸದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಲಿ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಗಂಟಲು ಸರಿಯಾಗಿಯೇ ಇರುತ್ತದೆ. ನೀವು ಹತ್ತು ನಿಮಿಷ ವಿವರಿಸುವುದಕ್ಕಿಂತ ಆ ಇಪ್ಪತ್ತು ಸೆಕೆಂಡಿನ ಸದ್ದು ಅವರಿಗೆ ಹೆಚ್ಚು ಹೇಳುತ್ತದೆ.