ಗ್ರಾಹಕರ ತುಣುಕುಗಳಿಂದ 30 ಸೆಕೆಂಡಿನ ರೊಟ್ಟಿ ವಿಡಿಯೊ

ಮನೆಯಲ್ಲೇ ತಯಾರಿಸಿ ಮಾರುವವರು ಮೊದಲು ಸ್ಕ್ರಿಪ್ಟ್ ಬರೆದು, ಅದಕ್ಕೆ ಹೊಂದುವ ವಿಡಿಯೊಗಳನ್ನು ಗ್ರಾಹಕರಿಂದ ಕೇಳುವುದುಂಟು. ಹಾಗೆ ಕೇಳಿದರೆ ಬರುವುದು ಬಾಯಿಪಾಠದ ಹೊಗಳಿಕೆ ಮಾತ್ರ. ಬಂದ ತುಣುಕುಗಳನ್ನೆಲ್ಲ ನೋಡಿ, ಯಾರೂ ಹೇಳಿಕೊಡದೆ ಆಡಿದ ಮಾತುಗಳನ್ನು ಗುರುತು ಹಾಕಿಕೊಂಡ ಮೇಲೆಯೇ ಸ್ಕ್ರಿಪ್ಟ್ ಬರೆಯಬೇಕು ಎಂಬುದು ನನ್ನ ಪಟ್ಟು.

ಧಾರವಾಡದಿಂದ ಬೆಂಗಳೂರಿಗೆ ಕಟಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಕಳಿಸುವ ಒಬ್ಬ ಮಹಿಳೆಯ ವಿಡಿಯೊವನ್ನೇ ನೋಡೋಣ. ದೂರದ ಗ್ರಾಹಕರಿಗಿದ್ದ ಅನುಮಾನಗಳು ಎರಡೇ: ರೊಟ್ಟಿ ದಾರಿಯಲ್ಲಿ ಮುರಿಯುತ್ತದೆಯೇ, ಕೆಲವು ದಿನಗಳಲ್ಲಿ ಮೆತ್ತಗಾಗುತ್ತದೆಯೇ? ಆದ್ದರಿಂದ ರುಚಿಯ ಬಣ್ಣನೆಯನ್ನು ಬದಿಗಿಟ್ಟು, ಈ ಎರಡಕ್ಕೆ ಉತ್ತರವಾಗುವ ತುಣುಕುಗಳನ್ನಷ್ಟೇ ಆರಿಸಿ ಹೀಗೆ ಜೋಡಿಸಿದೆವು.

0–3 ಸೆಕೆಂಡು: ಕೈಯಲ್ಲಿ ರೊಟ್ಟಿ ಮುರಿಯುವ ಸದ್ದು, ಮಾತಿಲ್ಲ, ಸಂಗೀತವೂ ಇಲ್ಲ.
3–9: ಗ್ರಾಹಕಿ: "ಒಂದು ತಿಂಗಳಾತ್ರಿ, ಇನ್ನೂ ಕಟಕ್ ಅಂತಾವ."
9–17: ಇನ್ನೊಬ್ಬರು ಪಾರ್ಸೆಲ್ ಬಿಚ್ಚುವ ದೃಶ್ಯ. ಒಡತಿಯ ದನಿ: "ರೊಟ್ಟಿ ಪೂರ್ತಿ ಆರಿದ ಮ್ಯಾಲೆ, ರಟ್ಟಿನ ಡಬ್ಬಿಯೊಳಗ ಬಿಗಿಯಾಗಿ ಜೋಡಿಸಿ ಕಳಸ್ತೀವಿ."
17–24: ಊಟದ ತಟ್ಟೆ, ಚಟ್ನಿಪುಡಿಯ ಮೇಲೆ ಎಣ್ಣೆ ಹಾಕುವ ಕೈ, ಬರೀ ಸದ್ದು.
24–30: ಒಡತಿ ರೊಟ್ಟಿ ಬಡಿಯುವ ದೃಶ್ಯ, ಬೆಲೆ, ಆರ್ಡರ್ ಸಂಖ್ಯೆ.

ಒಡತಿಯ ದನಿ ಒಂದೇ ಕಡೆ ಬರುವುದನ್ನು ಗಮನಿಸಿ. ತುಣುಕು ತೋರಿಸಲಾಗದ್ದನ್ನು ಮಾತ್ರ ದನಿ ಹೇಳಬೇಕು.

ಕತ್ತರಿ ಪ್ರಯೋಗದಲ್ಲಿ ಒಂದು ತುಣುಕನ್ನು, ಚೆನ್ನಾಗಿದ್ದರೂ, ಕೈಬಿಡಬೇಕಾಯಿತು. ಈ ರೊಟ್ಟಿ ತಿಂದ ಮೇಲೆ ಸಕ್ಕರೆ ಕಾಯಿಲೆ ವಾಸಿಯಾಯಿತೆಂದು ಹಿರಿಯರೊಬ್ಬರು ಮನಸಾರೆ ಹೇಳಿದ್ದರು. ಆಹಾರ ಪದಾರ್ಥವು ರೋಗ ಗುಣಪಡಿಸುತ್ತದೆಂದು ಜಾಹೀರಾತಿನಲ್ಲಿ ಹೇಳುವುದಕ್ಕೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಲ್ಲಿ ಅವಕಾಶವಿಲ್ಲ. ಮಾತು ಗ್ರಾಹಕರದ್ದಾದರೂ ಅದನ್ನು ಜಾಹೀರಾತಿಗೆ ಬಳಸುವವರು ನಾವೇ. ಹಿನ್ನೆಲೆಯಲ್ಲಿ ಟಿವಿಯ ಸಿನಿಮಾ ಹಾಡು ಕೇಳಿಸುವ ತುಣುಕಿನಿಂದ ಚಿತ್ರವನ್ನು ಮಾತ್ರ ಉಳಿಸಿಕೊಂಡು ಸದ್ದನ್ನು ತೆಗೆಯಬೇಕು, ಇಲ್ಲವಾದರೆ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ವಿಡಿಯೊ ಕುಗ್ಗಿ ಮಸುಕಾಗುವುದರಿಂದ, ಡಾಕ್ಯುಮೆಂಟ್ ಆಗಿ ಕಳಿಸಿರೆಂದು ಗ್ರಾಹಕರಿಗೆ ಮೊದಲೇ ತಿಳಿಸಬೇಕು. ವಿಡಿಯೊವನ್ನು ಪ್ರಚಾರಕ್ಕೆ ಬಳಸಲು ಒಪ್ಪಿಗೆಯನ್ನೂ ಅಲ್ಲೇ ಬರಹದಲ್ಲಿ ಪಡೆದುಕೊಳ್ಳುವುದು ಕ್ಷೇಮ. ಅಡ್ಡ ಹಿಡಿದು ತೆಗೆದ ತುಣುಕನ್ನು ಎಳೆದು ಉದ್ದ ಮಾಡಿದರೆ ಮುಖಗಳು ವಿಕಾರವಾಗುತ್ತವೆ. ಅದರ ನಡುಭಾಗವನ್ನಷ್ಟೇ ಕತ್ತರಿಸಿಕೊಳ್ಳಬೇಕು. ಕೊನೆಯದಾಗಿ, ರೀಲ್ಸ್‌ನಲ್ಲಿ ಪರದೆಯ ತಳಭಾಗವನ್ನು ಖಾತೆಯ ಹೆಸರು ಮತ್ತು ವಿವರಣೆ ಆವರಿಸಿಕೊಳ್ಳುವುದರಿಂದ, ಆರ್ಡರ್ ಸಂಖ್ಯೆಯನ್ನು ಪರದೆಯ ನಡುವಿಗಿಂತ ತುಸು ಮೇಲಕ್ಕೆ ಬರೆಯುತ್ತೇವೆ.