ಸವಕಳಿ ಎಂದರೇನು, ಆ ದುಡ್ಡು ಯಾರ ಕೈಗೆ ಹೋಗುತ್ತದೆ?

ಮಾರ್ಚ್ ಮುಗಿದು ವರ್ಷದ ಲೆಕ್ಕ ಕೈಗೆ ಬಂದಾಗ ಸಣ್ಣ ವ್ಯಾಪಾರಸ್ಥರು ಆಡಿಟರನ್ನು ಕೇಳುವ ಒಂದು ಪ್ರಶ್ನೆ ಇದೆ. "ಸಾರ್, ಸವಕಳಿ ಅಂತ 60,000 ರೂಪಾಯಿ ಖರ್ಚು ಬರೆದಿದ್ದೀರಲ್ಲ, ಇದನ್ನ ನಾನು ಯಾರಿಗೆ ಕೊಟ್ಟೆ?" ಕೇಳಬೇಕಾದ ಪ್ರಶ್ನೆಯೇ. ಉತ್ತರ ಇಷ್ಟೇ: ಈ ವರ್ಷ ಯಾರಿಗೂ ಕೊಟ್ಟಿಲ್ಲ. ಯಂತ್ರ ತಂದ ದಿನವೇ ಪೂರ್ತಿ ಕೊಟ್ಟಾಗಿದೆ.

ಕುಶಾಲನಗರದಲ್ಲಿ ಕಾಫಿ ಪುಡಿ ಅಂಗಡಿ ಇಟ್ಟಿರುವ ಒಬ್ಬರನ್ನು ಊಹಿಸಿಕೊಳ್ಳಿ. ಬೆಳೆಗಾರರಿಂದ ಕಾಫಿ ಬೀಜ ಕೊಂಡು, ಹುರಿದು, ಪುಡಿ ಮಾಡಿ, ಪ್ಯಾಕೆಟ್ ಕಟ್ಟಿ ಮಾರುತ್ತಾರೆ. ಏಪ್ರಿಲ್ ತಿಂಗಳಲ್ಲಿ 5,20,000 ರೂಪಾಯಿ ಕೊಟ್ಟು ಒಂದು ರೋಸ್ಟರ್ ತಂದರು. ಅದು 8 ವರ್ಷ ಬಾಳಿಕೆ ಬರುತ್ತದೆ, ಆಮೇಲೆ ಗುಜರಿಗೆ 40,000 ಸಿಗುತ್ತದೆ ಎಂದು ಅಂದಾಜು. ಅಂದರೆ ಈ 8 ವರ್ಷದಲ್ಲಿ ಸವೆದು ಹೋಗುವುದು 4,80,000. ಎಂಟರಿಂದ ಭಾಗಿಸಿದರೆ ವರ್ಷಕ್ಕೆ 60,000. ಇದೇ ಸವಕಳಿ. ಪ್ರತಿ ವರ್ಷ ಒಂದೇ ಮೊತ್ತ ಬರುವುದರಿಂದ ಇದಕ್ಕೆ ನೇರ ರೇಖಾ ಪದ್ಧತಿ ಎನ್ನುತ್ತಾರೆ.

ಇಷ್ಟೆಲ್ಲ ಹಂಚುವ ಬದಲು ಕೊಂಡ ವರ್ಷವೇ 5,20,000 ಖರ್ಚು ಬರೆದು ಕೈ ತೊಳೆದುಕೊಳ್ಳಬಹುದಲ್ವಾ? ಬರೆದರೆ ಏನಾಗುತ್ತದೆ ನೋಡಿ. ಅಂಗಡಿಗೆ ವರ್ಷಕ್ಕೆ 18 ಲಕ್ಷ ವ್ಯಾಪಾರ. ಬೀಜ, ಚಿಕೋರಿ, ಗ್ಯಾಸ್, ಕರೆಂಟ್, ಸಂಬಳ, ಬಾಡಿಗೆ ಎಲ್ಲ ಸೇರಿ ಹದಿನಾಲ್ಕೂವರೆ ಲಕ್ಷ ಖರ್ಚು. ಉಳಿಯುವುದು 3,50,000. ಇದರಿಂದ ರೋಸ್ಟರ್ ಬೆಲೆಯನ್ನು ಒಂದೇ ಏಟಿಗೆ ಕಳೆದರೆ ಮೊದಲ ವರ್ಷ 1,70,000 ನಷ್ಟ. ಮುಂದಿನ ಏಳು ವರ್ಷ ಅದೇ ರೋಸ್ಟರ್ ದಿನಾ ಬೀಜ ಹುರಿಯುತ್ತಿದ್ದರೂ ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ ಎಂಬಂತೆ 3,50,000 ಲಾಭ. ಎರಡೂ ಸುಳ್ಳು. ಹಂಚಿ ಬರೆದರೆ ಪ್ರತಿ ವರ್ಷ 2,90,000 ಲಾಭ ಬರುತ್ತದೆ. ಅಂಗಡಿಯ ನಿಜವಾದ ಗಳಿಕೆಗೆ ಹತ್ತಿರದ ಅಂಕಿ ಅದು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಮಾರ್ಚ್ 31ಕ್ಕೆ ಸವಕಳಿ ಬರೆಯುವಾಗ ಪುಸ್ತಕದಲ್ಲಿ ಆಗುವುದು ಎರಡೇ ಕೆಲಸ. ಸವಕಳಿ ಖಾತೆಗೆ 60,000 ಖರ್ಚು. ರೋಸ್ಟರ್ ಖಾತೆಯಲ್ಲಿ 60,000 ಕಡಿತ, ಅಂದರೆ ಮೊದಲ ವರ್ಷದ ಕೊನೆಗೆ ಅದರ ಪುಸ್ತಕದ ಬೆಲೆ 4,60,000. ಮುಗಿಯಿತು. ಈ ನಮೂದಿನಲ್ಲಿ ಕ್ಯಾಶ್ ಇಲ್ಲ, ಬ್ಯಾಂಕೂ ಇಲ್ಲ. ಪಾಸ್‌ಬುಕ್ ಪೂರ್ತಿ ತಿರುವಿದರೂ ಆ 60,000 ಎಲ್ಲೂ ಕಾಣುವುದಿಲ್ಲ.

ಮಾರಾಟ, ಖರೀದಿ ಎಲ್ಲ ಕೈಗಾಸಿನಲ್ಲೇ ನಡೆದಿದೆ ಎಂದುಕೊಂಡರೆ ಎರಡನೇ ವರ್ಷ ಬ್ಯಾಂಕಿಗೆ ಸೇರಿದ್ದು 3,50,000, ಲೆಕ್ಕದಲ್ಲಿ ಲಾಭ 2,90,000. ನಡುವಿನ ವ್ಯತ್ಯಾಸವೇ ಸವಕಳಿ. ಬ್ಯಾಂಕಿನವರು ಸಾಲಕ್ಕೆ ಮುಂಚೆ ನಗದು ಹರಿವಿನ ಪಟ್ಟಿ ಕೇಳಿದಾಗ ಆಡಿಟರ್ ಲಾಭಕ್ಕೆ ಸವಕಳಿಯನ್ನು ವಾಪಸ್ ಕೂಡಿಸುವುದು ಇದಕ್ಕೇ. ಇದನ್ನು ನೋಡಿ ಸವಕಳಿಯಿಂದ ದುಡ್ಡು ಬರುತ್ತದೆ ಎಂದುಕೊಳ್ಳುವವರೂ ಇದ್ದಾರೆ. ಬರುವುದಿಲ್ಲ. ಹೊರಗೆ ಹೋಗದ ಮೊತ್ತವನ್ನು ಮೊದಲು ಕಳೆದಿದ್ದರು, ಈಗ ಸರಿಮಾಡಿದರು, ಅಷ್ಟೇ. ಮೊದಲ ವರ್ಷದ ಕಥೆಯೇ ಬೇರೆ: ಲಾಭ ಆಗಲೂ 2,90,000, ಆದರೆ ರೋಸ್ಟರಿಗೆ ಕೊಟ್ಟಿದ್ದರಿಂದ ಬ್ಯಾಂಕಿನಲ್ಲಿ 1,70,000 ಕಮ್ಮಿ.

ಸಾಲ ಮಾಡಿ ತಂದಿದ್ದರೆ ಗೊಂದಲ ಇನ್ನೂ ಜಾಸ್ತಿ. ತಿಂಗಳ ಕಂತಿನಲ್ಲಿ ಬಡ್ಡಿ ಮಾತ್ರ ಖರ್ಚು. ಅಸಲಿನ ಭಾಗ ಬ್ಯಾಂಕಿನಿಂದ ಹೋಗುತ್ತದೆ, ಆದರೆ ಖರ್ಚಿನ ಪಟ್ಟಿಗೆ ಬರುವುದಿಲ್ಲ. ಸವಕಳಿ ಖರ್ಚಿನ ಪಟ್ಟಿಯಲ್ಲಿದೆ, ಬ್ಯಾಂಕಿನಲ್ಲಿಲ್ಲ. ಒಂದಕ್ಕೊಂದು ಪೂರ್ತಿ ಉಲ್ಟಾ. ಕಂತನ್ನೂ ಸವಕಳಿಯನ್ನೂ ಎರಡೂ ಕಳೆದು ಲಾಭ ಹುಡುಕಿದರೆ ಒಂದೇ ರೋಸ್ಟರಿಗೆ ಎರಡು ಸಲ ದುಡ್ಡು ಕೊಟ್ಟಂತೆ ಲೆಕ್ಕ ಬರುತ್ತದೆ.

ಪುಸ್ತಕದ ಬೆಲೆ ಎಂದರೆ ಮಾರುಕಟ್ಟೆ ಬೆಲೆ ಅಲ್ಲ ಎನ್ನುವುದನ್ನು ನಮ್ಮ ಕಡೆ ಜಾಸ್ತಿ ವಿವರಿಸಬೇಕಿಲ್ಲ. ಲೆಕ್ಕದಲ್ಲಿ ಸವೆದು ಸೊನ್ನೆಗೆ ಹತ್ತಿರವಾದ ಹಳೇ ಜೀಪು ಬೆಟ್ಟದ ದಾರಿಯಲ್ಲಿ ಪ್ರವಾಸಿಗರನ್ನು ಹೊತ್ತು ತಿರುಗುತ್ತಲೇ ಇರುತ್ತದೆ, ಮಾರಲು ಹೋದರೆ ಒಳ್ಳೇ ರೇಟೂ ಸಿಗುತ್ತದೆ. ಸವಕಳಿ ಕೊಂಡ ಬೆಲೆಯನ್ನು ಹಂಚುವ ಕೆಲಸ, ಇವತ್ತಿನ ಬೆಲೆ ಕಟ್ಟುವ ಕೆಲಸ ಅಲ್ಲ. ಜಾಗ ಸವೆಯುವುದಿಲ್ಲ, ಅದಕ್ಕೆ ಸವಕಳಿ ಇಲ್ಲ. ಅದರ ಮೇಲಿನ ಕಟ್ಟಡಕ್ಕೆ ಇದೆ.

ಅಂದಾಜು ತಪ್ಪಿದರೆ? ಮೂರು ವರ್ಷ ಓಡಿದ ಮೇಲೆ ಡ್ರಮ್ಮಿನ ಬೇರಿಂಗ್ ಪದೇ ಪದೇ ಹೋಗತೊಡಗಿತು, ರಿಪೇರಿಯವರು ನೋಡಿ "ಇನ್ನು ಮೂರು ವರ್ಷ ಓಡಿದರೆ ಹೆಚ್ಚು" ಅಂದರು ಎನ್ನಿ. ಆಗ ಪುಸ್ತಕದ ಬೆಲೆ 3,40,000. ಗುಜರಿಯ 40,000 ತೆಗೆದು ಉಳಿದ 3,00,000ವನ್ನು ಮೂರು ವರ್ಷಕ್ಕೆ ಹಂಚಬೇಕು, ವರ್ಷಕ್ಕೆ ಒಂದು ಲಕ್ಷ. ಹಿಂದಿನ ವರ್ಷಗಳನ್ನು ತಿದ್ದಲು ಹೋಗಬಾರದು. ಹಾಗೆ ಬದಲಿಸದೆ ಬಿಟ್ಟು ಆರನೇ ವರ್ಷದ ಕೊನೆಗೆ 40,000ಕ್ಕೇ ಮಾರಿದರೆ, ಪುಸ್ತಕದಲ್ಲಿ ಇನ್ನೂ 1,60,000 ಉಳಿದಿರುತ್ತದೆ. 1,20,000 ನಷ್ಟ ಒಟ್ಟಿಗೇ ಮೈಮೇಲೆ ಬರುತ್ತದೆ. ಆ ದಿನ ಕೈಗೆ ಬಂದದ್ದು ಮಾತ್ರ 40,000 ರೂಪಾಯಿ ನಗದು. ಯಂತ್ರ ಮಾರಿದಾಗ ಹೀಗೆ ದೊಡ್ಡ ನಷ್ಟ ಕಂಡರೆ, ಇಷ್ಟು ವರ್ಷ ಸವಕಳಿ ಕಮ್ಮಿ ಬರೆದಿದ್ದೇವೆ ಎಂದೇ ಅರ್ಥ.

ಆದಾಯ ತೆರಿಗೆಯ ಲೆಕ್ಕ ಬೇರೆ. ಅಲ್ಲಿ ನಿಮ್ಮ 8 ವರ್ಷದ ಅಂದಾಜು ನಡೆಯುವುದಿಲ್ಲ. ಸಾಮಾನ್ಯ ಯಂತ್ರಗಳಿಗೆ ಶೇಕಡಾ 15, ಅದೂ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ. ಮೊದಲ ವರ್ಷ 78,000, ಎರಡನೇ ವರ್ಷ 66,300, ಹೀಗೆ ಇಳಿಯುತ್ತಾ ಹೋಗುತ್ತದೆ. ಕೊಂಡ ವರ್ಷ 180 ದಿನಕ್ಕಿಂತ ಕಮ್ಮಿ ಬಳಸಿದ್ದರೆ ಅರ್ಧ ಮಾತ್ರ. ಕಾಫಿ ಕೊಯ್ಲು ಶುರುವಾಯಿತು ಎಂದು ಡಿಸೆಂಬರಿನಲ್ಲಿ ರೋಸ್ಟರ್ ತಂದರೆ ಆ ವರ್ಷ ಸಿಗುವುದು 39,000. ಸವಕಳಿ ನಗದಿನ ಮೇಲೆ ಪರಿಣಾಮ ಬೀರುವುದು ಇಲ್ಲಿ: ತೆರಿಗೆಯ ಆದಾಯ ಇಳಿಯುತ್ತದೆ, ಕಟ್ಟುವ ತೆರಿಗೆ ಇದ್ದರೆ ಅದೂ ಇಳಿಯುತ್ತದೆ. ವ್ಯಾಪಾರದ ಶೇಕಡಾ 6 ಅಥವಾ 8 ಎಂದು ಅಂದಾಜು ಆದಾಯ ತೋರಿಸುವವರಿಗೆ ಸವಕಳಿಯನ್ನು ಮತ್ತೆ ಬೇರೆಯಾಗಿ ಕಳೆಯಲು ಬರುವುದಿಲ್ಲ, ಅದರಲ್ಲೇ ಸೇರಿದೆ ಎಂದು ಲೆಕ್ಕ.

ನನ್ನ ಪ್ರಕಾರ ನಿಜವಾದ ಪೆಟ್ಟು ಬೀಳುವುದು ತೆರಿಗೆಯಲ್ಲಿ ಅಲ್ಲ, ರೇಟು ಕಟ್ಟುವಾಗ. ಈ ಅಂಗಡಿ ವರ್ಷಕ್ಕೆ 4,000 ಕಿಲೋ ಪುಡಿ ಮಾರುತ್ತದೆ ಎನ್ನಿ. 60,000ವನ್ನು ಹಂಚಿದರೆ ಕಿಲೋಗೆ 15 ರೂಪಾಯಿ. ಪಕ್ಕದ ಅಂಗಡಿಗಿಂತ ಹತ್ತು ರೂಪಾಯಿ ಕಮ್ಮಿಗೆ ಮಾರೋಣ ಎಂದು ಹೊರಟವರು "ದುಡ್ಡು ಹೋಗಲ್ವಲ್ಲ" ಎಂದು ಈ 15 ರೂಪಾಯಿಯನ್ನು ಬಿಟ್ಟು ಲೆಕ್ಕ ಹಾಕುತ್ತಾರೆ. ಗಲ್ಲಾದಲ್ಲಿ ದಿನಾ ದುಡ್ಡು ಕಾಣುತ್ತಿರುತ್ತದೆ, ಆದ್ದರಿಂದ ಗೊತ್ತಾಗುವುದಿಲ್ಲ. ಪ್ರತಿ ಪ್ಯಾಕೆಟ್ ಜೊತೆ ರೋಸ್ಟರಿನ ಒಂದು ಚೂರನ್ನು ಸುಮ್ನೆ ಕೊಟ್ಟು ಕಳಿಸುತ್ತಿರುತ್ತಾರೆ.

ಇನ್ನು ಕೆಲವರು ರೇಟು ಸರಿಯಾಗಿಯೇ ಕಟ್ಟುತ್ತಾರೆ, ಆದರೆ ಬ್ಯಾಂಕಿನಲ್ಲಿರುವ 3,50,000ವನ್ನೂ ಮನೆ ಖರ್ಚಿಗೆ ತೆಗೆಯುತ್ತಾರೆ. ಸವಕಳಿ ಬರೆದ ಮಾತ್ರಕ್ಕೆ ಎಲ್ಲೂ ದುಡ್ಡು ಜಮೆ ಆಗಿರುವುದಿಲ್ಲ. ಬೇಕಿದ್ದರೆ ಆ 60,000ವನ್ನು ನಾವೇ ಎತ್ತಿ ಠೇವಣಿ ಇಡಬೇಕು. ಇಟ್ಟರೂ ಬಡ್ಡಿ ಬಿಟ್ಟು ಎಂಟು ವರ್ಷಕ್ಕೆ ಕೂಡುವುದು 4,80,000, ಗುಜರಿಯದ್ದು ಸೇರಿಸಿ 5,20,000. ಅಷ್ಟರಲ್ಲಿ ಅಂಥದ್ದೇ ಹೊಸ ರೋಸ್ಟರ್ ಏಳು ಲಕ್ಷ ಆಗಿದ್ದರೆ ಮಿಕ್ಕ 1,80,000ವನ್ನು ಬಡ್ಡಿಯಿಂದಲೋ ಲಾಭದಿಂದಲೋ ಹೊಂದಿಸಬೇಕು. ಸವಕಳಿಗೆ ಗೊತ್ತಿರುವುದು ಹಳೇ ಬಿಲ್ಲಿನ ಮೊತ್ತ ಮಾತ್ರ.